ತೂಕ ಅರ್ಧ ಕಿಲೋ, ಬಿಲ್ಲು ಹನ್ನೊಂದು ಕಿಲೋಗೆ

ಬೀದರ್‌ನ ಬಿದ್ರಿ ಹೂದಾನಿಯನ್ನು ಎತ್ತಿದವರ ಕೈಗೆ ಅದರ ಭಾರ ತಟ್ಟನೆ ತಿಳಿಯುತ್ತದೆ. ಸತುವಿಗೆ ಒಂದಿಷ್ಟು ತಾಮ್ರ ಬೆರೆಸಿ ಎರಕ ಹೊಯ್ದು, ಮೇಲೆ ಬೆಳ್ಳಿ ಕೂರಿಸಿದ ವಸ್ತು ಅದು. ಒಂದು ಗೇಣಿಗಿಂತ ಎತ್ತರವಿಲ್ಲದ ಹೂದಾನಿಯೂ 1.2 ಕಿಲೋ ತೂಗಬಹುದು. ಮೇದಾರರು ಬಿದಿರಿನ ಸೀಳು ಹೆಣೆದು ಮಾಡುವ ದೀಪದ ಬುಟ್ಟಿಯ ಕಥೆ ಇದಕ್ಕೆ ತದ್ವಿರುದ್ಧ. ತೋಳ್ತುಂಬ ಇದ್ದರೂ ತೂಕ 450 ಗ್ರಾಂ ಅಷ್ಟೆ.

ಇವೆರಡನ್ನೂ ಒಂದೇ ಊರಿನಿಂದ ಒಂದೇ ಮನೆಗೆ ಕೊರಿಯರ್ ಮಾಡಿದರೆ ಯಾವುದಕ್ಕೆ ಹೆಚ್ಚು ಖರ್ಚಾದೀತು? ಹೂದಾನಿಗೆ ಎಂದೇ ಬಹಳ ಮಂದಿ ಹೇಳುತ್ತಾರೆ. ನಿಜದಲ್ಲಿ ಬಿದಿರಿನ ಬುಟ್ಟಿಯ ಬಿಲ್ಲು ಹೂದಾನಿಯ ಬಿಲ್ಲಿನ ಐದು ಪಟ್ಟಿಗೂ ಮೀರಬಹುದು. ಆನ್‌ಲೈನ್ ಅಂಗಡಿಯ ಪುಟದಲ್ಲಿ ‘ತೂಕ: 450 ಗ್ರಾಂ’ ಎಂದು ಓದಿ ಖುಷಿಯಾದ ಗ್ರಾಹಕ, ಹಣ ಕಟ್ಟುವ ಹಂತದಲ್ಲಿ ಡೆಲಿವರಿಗೆ ಸಾವಿರ ರೂಪಾಯಿಗೂ ಹೆಚ್ಚು ಕಂಡು ತನಗೆ ಮೋಸವಾಗುತ್ತಿದೆ ಎಂದುಕೊಳ್ಳುತ್ತಾನೆ. ಸಾಮಾನ್ಯವಾಗಿ ಅಲ್ಲಿ ಮೋಸವಿರುವುದಿಲ್ಲ. ಲೆಕ್ಕದ ಅರ್ಧ ಭಾಗ ಅವನ ಕಣ್ಣಿಗೆ ಬಿದ್ದಿರುವುದಿಲ್ಲ ಅಷ್ಟೆ. ಆ ಅರ್ಧ ಯಾವುದು, ಮಾರುವವರು ಅದನ್ನು ಸರಕಿನ ವಿವರದಲ್ಲಿ ಹೇಗೆ ಬರೆಯಬೇಕು, ಕೊಳ್ಳುವವರು ಹೇಗೆ ಓದಬೇಕು ಎಂಬುದು ಇಲ್ಲಿನ ವಿಷಯ.

ಜಾಗಕ್ಕೂ ಒಂದು ತೂಕ

ಹುಲ್ಲು ಹೇರಿದ ಗಾಡಿ ಗುಡ್ಡದಷ್ಟು ಕಂಡರೂ ಎತ್ತುಗಳಿಗೆ ಅದು ಭಾರವಲ್ಲ. ಆದರೆ ಆ ಗಾಡಿಯ ಮೇಲೆ ಇನ್ನೊಂದು ಮೂಟೆ ಇಡಲು ಜಾಗವಿರುವುದಿಲ್ಲ. ಆದ್ದರಿಂದ ಗಾಡಿಯವನು ಪೂರ್ತಿ ಬಾಡಿಗೆಯನ್ನೇ ಕೇಳುತ್ತಾನೆ. ಕೊರಿಯರ್ ಲೆಕ್ಕದ ಮೂಲವೂ ಇದೇ.

ನಾಲ್ಕು ಘನ ಮೀಟರ್ ಜಾಗವಿರುವ ಸಣ್ಣ ಸರಕು ಗಾಡಿಯೊಂದನ್ನು ತೆಗೆದುಕೊಳ್ಳೋಣ. ಬಿದಿರಿನ ದೀಪದ ಬುಟ್ಟಿಯನ್ನು ಪ್ಯಾಕ್ ಮಾಡಲು 40 ಸೆಂಟಿಮೀಟರ್ ಉದ್ದ, 40 ಅಗಲ, 35 ಎತ್ತರದ ರಟ್ಟಿನ ಪೆಟ್ಟಿಗೆ ಬೇಕು. ರಟ್ಟು, ಬಬಲ್ ಹಾಳೆ, ಟೇಪು ಎಲ್ಲ ಸೇರಿ ಪೆಟ್ಟಿಗೆಯ ತೂಕ 900 ಗ್ರಾಂ ಆಗುತ್ತದೆ ಎಂದುಕೊಳ್ಳಿ. ಅಂಥ ಎಪ್ಪತ್ತು ಪೆಟ್ಟಿಗೆ ಹೇರುವಷ್ಟರಲ್ಲಿ ಗಾಡಿ ತುಂಬಿಹೋಗುತ್ತದೆ. ಒಳಗಿರುವ ಒಟ್ಟು ತೂಕ ಮಾತ್ರ 63 ಕಿಲೋ. ಕಿಲೋ ಲೆಕ್ಕದಲ್ಲಿ ಬಾಡಿಗೆ ಪಡೆದರೆ ಡೀಸೆಲ್ಲಿನ ಖರ್ಚೂ ಹುಟ್ಟುವುದಿಲ್ಲ.

ಅದಕ್ಕಾಗಿಯೇ ಸಾಗಣೆಯವರು ಪೆಟ್ಟಿಗೆ ಹಿಡಿಯುವ ಜಾಗವನ್ನೂ ತೂಕವಾಗಿ ಪರಿವರ್ತಿಸುತ್ತಾರೆ. ಇದನ್ನು ವಾಲ್ಯುಮೆಟ್ರಿಕ್ ತೂಕ ಎನ್ನುತ್ತಾರೆ. ಇಲ್ಲಿ ಅದನ್ನು ಗಾತ್ರದ ತೂಕ ಎಂದು ಕರೆಯೋಣ. ಭಾರತದ ಕೊರಿಯರ್ ವ್ಯವಹಾರದಲ್ಲಿ ಹೆಚ್ಚು ಬಳಕೆಯಲ್ಲಿರುವ ಸೂತ್ರ ಸರಳವಾಗಿದೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಅಳೆದು, ಮೂರನ್ನೂ ಗುಣಿಸಿ, 5000ದಿಂದ ಭಾಗಿಸಬೇಕು. ಬಂದದ್ದು ಕಿಲೋ. ಆಮೇಲೆ ಪೆಟ್ಟಿಗೆಯನ್ನು ತಕ್ಕಡಿಗೆ ಹಾಕಿ ನಿಜ ತೂಕ ನೋಡುತ್ತಾರೆ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಿಲ್ಲು.

ದೀಪದ ಬುಟ್ಟಿಯ ಪೆಟ್ಟಿಗೆಗೆ 40, 40, 35 ಗುಣಿಸಿದರೆ 56,000. ಅದನ್ನು 5000ದಿಂದ ಭಾಗಿಸಿದರೆ 11.2 ಕಿಲೋ. ತಕ್ಕಡಿ 900 ಗ್ರಾಂ ತೋರಿಸಿದರೂ ಬಿಲ್ಲು 11.2 ಕಿಲೋಗೆ ಬರುತ್ತದೆ. ಇನ್ನು ಬಿದ್ರಿ ಹೂದಾನಿ 22, 16, 16 ಸೆಂಟಿಮೀಟರಿನ ಪೆಟ್ಟಿಗೆಯಲ್ಲಿ ಕೂರುತ್ತದೆ ಎಂದುಕೊಂಡರೆ ಗಾತ್ರದ ತೂಕ 1.13 ಕಿಲೋ. ಪ್ಯಾಕಿಂಗ್ ಸೇರಿ ನಿಜ ತೂಕ ಒಂದೂವರೆ ಕಿಲೋ ದಾಟುತ್ತದೆ. ಇಲ್ಲಿ ತಕ್ಕಡಿಯ ಮಾತೇ ನಡೆಯುತ್ತದೆ.

5000 ಎಂಬ ಸಂಖ್ಯೆಯನ್ನು ಇನ್ನೊಂದು ರೀತಿಯಲ್ಲೂ ನೆನಪಿಟ್ಟುಕೊಳ್ಳಬಹುದು. ಐದು ಲೀಟರ್ ಜಾಗಕ್ಕೆ ಒಂದು ಕಿಲೋ. ಪೆಟ್ಟಿಗೆಯ ಪ್ರತಿ ಲೀಟರ್ ಜಾಗಕ್ಕೆ 200 ಗ್ರಾಂಗಿಂತ ಕಡಿಮೆ ತೂಗುವ ಸರಕೆಲ್ಲ ‘ಹಗುರ’ ಸರಕು. ಅದಕ್ಕೆ ಗಾತ್ರದ ಮೇಲೆ ಬಿಲ್ಲು. ದಿಂಬು, ಬೊಂಬೆ, ಬಿದಿರಿನ ಬುಟ್ಟಿ, ಹಪ್ಪಳ, ಸಂಡಿಗೆ ಎಲ್ಲ ಈ ಕಡೆಗೆ ಬರುತ್ತವೆ. ಪುಸ್ತಕ, ಜೇನುತುಪ್ಪ, ಬೆಲ್ಲ, ಹಿತ್ತಾಳೆ ದೀಪ ಆ ಕಡೆಗೆ.

ಎಲ್ಲ ಸಂಸ್ಥೆಗಳೂ 5000ವನ್ನೇ ಹಿಡಿಯುವುದಿಲ್ಲ. ವಿಮಾನದ ಸರಕು ಸಾಗಣೆಯಲ್ಲಿ 6000 ರೂಢಿಯಲ್ಲಿದೆ. ಸಂಖ್ಯೆ ದೊಡ್ಡದಾದಷ್ಟೂ ಕಳಿಸುವವರಿಗೆ ಲಾಭ. 6000 ಹಿಡಿದರೆ ಇದೇ ದೀಪದ ಬುಟ್ಟಿ 9.3 ಕಿಲೋಗೆ ಇಳಿಯುತ್ತದೆ, 4000 ಹಿಡಿದರೆ 14 ಕಿಲೋಗೆ ಏರುತ್ತದೆ. ಹಾಗಾಗಿ ಕೊರಿಯರ್ ಸಂಸ್ಥೆಯೊಡನೆ ಮಾತಾಡುವಾಗ ಕಿಲೋಗೆ ದರ ಎಷ್ಟು ಎಂದು ಕೇಳಿ ಸುಮ್ಮನಾದರೆ ಸಾಲದು, ಎಷ್ಟರಿಂದ ಭಾಗಿಸುತ್ತೀರಿ ಎಂದೂ ಕೇಳಬೇಕಾಗುತ್ತದೆ.

ಈ ಲೆಕ್ಕ ಮೊದಲಿನಿಂದಲೂ ಎಲ್ಲ ಪಾರ್ಸೆಲ್‌ಗಳಿಗೂ ಇರಲಿಲ್ಲ. ಅಮೆರಿಕದ ಯುಪಿಎಸ್ ಮತ್ತು ಫೆಡೆಕ್ಸ್ ಸಂಸ್ಥೆಗಳು ತಮ್ಮ ದೇಶದೊಳಗಿನ ರಸ್ತೆ ಸಾಗಣೆಯಲ್ಲಿ ಬಹುಕಾಲ ಮೂರು ಘನ ಅಡಿ ಮತ್ತು ಅದಕ್ಕಿಂತ ದೊಡ್ಡ ಪೆಟ್ಟಿಗೆಗಳಿಗೆ ಮಾತ್ರ ಇದನ್ನು ಅನ್ವಯಿಸುತ್ತಿದ್ದವು. ಎಂದರೆ ಪ್ರತಿ ಬದಿಯೂ ಸುಮಾರು 44 ಸೆಂಟಿಮೀಟರ್ ಇರುವ ಪೆಟ್ಟಿಗೆ. 2015ರ ಆರಂಭದ ಹೊತ್ತಿಗೆ ಎರಡೂ ಸಂಸ್ಥೆಗಳು ಆ ವಿನಾಯಿತಿಯನ್ನು ತೆಗೆದು, ಸಣ್ಣ ಪೆಟ್ಟಿಗೆಗಳನ್ನೂ ಗಾತ್ರದ ಲೆಕ್ಕಕ್ಕೆ ತಂದವು. ಆನ್‌ಲೈನ್ ಖರೀದಿ ಬೆಳೆದಂತೆ ದೊಡ್ಡ ಪೆಟ್ಟಿಗೆಯಲ್ಲಿ ಸಣ್ಣ ವಸ್ತು, ಸುತ್ತ ಬರೀ ಗಾಳಿ ಎಂಬಂಥ ಪಾರ್ಸೆಲ್‌ಗಳು ಹೆಚ್ಚಿದ್ದವು. ಭಾರತದಲ್ಲಿ ಈಗ ಅಮೆಜಾನ್, ಫ್ಲಿಪ್‌ಕಾರ್ಟ್‌ನಂಥ ಮಾರುಕಟ್ಟೆಗಳೂ ಮಾರಾಟಗಾರರಿಂದ ಸಾಗಣೆ ಶುಲ್ಕ ಪಡೆಯುವಾಗ ಎರಡು ತೂಕಗಳಲ್ಲಿ ಹೆಚ್ಚಿನದನ್ನೇ ಹಿಡಿಯುತ್ತವೆ.

ಚನ್ನಪಟ್ಟಣದ ಒಂದು ರೈಲು

ಲೆಕ್ಕ ನಿಜದಲ್ಲಿ ಹೇಗೆ ಕೂರುತ್ತದೆ ಎಂಬುದಕ್ಕೆ ಚನ್ನಪಟ್ಟಣದ ಮರದ ಆಟಿಕೆಯೊಂದನ್ನು ತೆಗೆದುಕೊಳ್ಳಬಹುದು. ಹಾಲೆ ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿದ ಪುಟ್ಟ ರೈಲು. ಉದ್ದ 30 ಸೆಂಟಿಮೀಟರ್, ಅಗಲ 8, ಎತ್ತರ 10. ತೂಕ 620 ಗ್ರಾಂ. ಲೆಕ್ಕ ಸುಲಭವಾಗಲೆಂದು ಕೊರಿಯರ್ ದರವನ್ನು ಹೀಗೆ ಇಟ್ಟುಕೊಳ್ಳೋಣ: ಮೊದಲ ಅರ್ಧ ಕಿಲೋಗೆ 60 ರೂಪಾಯಿ, ನಂತರದ ಪ್ರತಿ ಅರ್ಧ ಕಿಲೋಗೆ 45 ರೂಪಾಯಿ. ಇದರ ಮೇಲೆ ಕೊರಿಯರ್ ಸೇವೆಗೆ ಶೇ 18 ಜಿಎಸ್‌ಟಿ ಬೇರೆ. ನಿಜವಾದ ದರ ಸಂಸ್ಥೆಯಿಂದ ಸಂಸ್ಥೆಗೆ, ದೂರದಿಂದ ದೂರಕ್ಕೆ ಬದಲಾಗುತ್ತದೆ. ದೊಡ್ಡ ಪೆಟ್ಟಿಗೆಗಳಿಗೆ ರಸ್ತೆ ಮಾರ್ಗದಲ್ಲಿ ಅಗ್ಗದ ದರಗಳೂ ಇರುತ್ತವೆ. ಆದರೆ ಲೆಕ್ಕದ ರೀತಿ ಒಂದೇ.

ರೈಲು ಮಾರುವವರ ಬಳಿ ಅಂದು ಇದ್ದದ್ದು 40, 30, 20 ಸೆಂಟಿಮೀಟರಿನ ಪೆಟ್ಟಿಗೆ ಎನ್ನೋಣ. ಅದರಲ್ಲೇ ರೈಲಿಟ್ಟು, ಉಳಿದ ಜಾಗಕ್ಕೆ ಹಳೆಯ ಪತ್ರಿಕೆ ತುರುಕಿ ಕಳಿಸಿದರೆ ಗಾತ್ರದ ತೂಕ 4.8 ಕಿಲೋ. ಅರ್ಧ ಕಿಲೋ ಲೆಕ್ಕದಲ್ಲಿ ಮೇಲಕ್ಕೆ ಏರಿಸಿದರೆ 5 ಕಿಲೋ, ಬಿಲ್ಲು 465 ರೂಪಾಯಿ. ಆಟಿಕೆಯ ಬೆಲೆಗೇ ಸಮವಾಗುವಷ್ಟು ಡೆಲಿವರಿ ಶುಲ್ಕ.

ಸರಿಯಾದ ಪೆಟ್ಟಿಗೆಯ ಲೆಕ್ಕ ಆಟಿಕೆಯಿಂದ ಶುರುವಾಗಬೇಕು. ರೈಲಿನ ಆರೂ ಕಡೆ ಎರಡೆರಡು ಸೆಂಟಿಮೀಟರ್ ಮೆತ್ತೆ ಬೇಕು ಎಂದುಕೊಂಡರೆ ಒಳ ಅಳತೆ 34, 12, 14. ಪೆಟ್ಟಿಗೆ ಅಂಗಡಿಯವರು ಹೇಳುವ ಅಳತೆ ಬಹುಪಾಲು ಇದೇ ಒಳ ಅಳತೆ. ಕೊರಿಯರ್‌ನವರು ಅಳೆಯುವುದು ಹೊರ ಅಳತೆ. ಫೈವ್ ಪ್ಲೈ ರಟ್ಟಿನ ದಪ್ಪ ಸುಮಾರು ಅರ್ಧ ಸೆಂಟಿಮೀಟರ್. ಎರಡು ಬದಿ ಸೇರಿ ಪ್ರತಿ ಅಳತೆಗೂ ಒಂದೊಂದು ಸೆಂಟಿಮೀಟರ್ ಕೂಡಿಕೊಳ್ಳುತ್ತದೆ. ಆಗ ಹೊರ ಅಳತೆ 35, 13, 15. ಗುಣಿಸಿದರೆ 6825, ಭಾಗಿಸಿದರೆ 1.365 ಕಿಲೋ. ಬಿಲ್ಲಾಗುವುದು ಒಂದೂವರೆ ಕಿಲೋಗೆ, 150 ರೂಪಾಯಿ. ಅದೇ ರೈಲು, ಅದೇ ಊರು, ಮುನ್ನೂರ ಹದಿನೈದು ರೂಪಾಯಿ ಉಳಿತಾಯ.

ಇಲ್ಲಿಗೆ ನಿಲ್ಲದೆ ಮೆತ್ತೆಯನ್ನೂ ಸ್ವಲ್ಪ ಕಡಿಮೆ ಮಾಡಿದರೆ ಇನ್ನೂ ಉಳಿಯುತ್ತದಲ್ಲವೇ ಎಂದು ಹಲವರಿಗೆ ಅನ್ನಿಸುತ್ತದೆ. ಪ್ರತಿ ಕಡೆ ಅರ್ಧ ಸೆಂಟಿಮೀಟರ್ ಮೆತ್ತೆ ಕಡಿದು ಹೊರ ಅಳತೆಯನ್ನು 34, 12, 14ಕ್ಕೆ ಇಳಿಸಿದರೆ 1.14 ಕಿಲೋ ಆಗುತ್ತದೆ. ಆದರೆ ಅದೂ ಒಂದೂವರೆ ಕಿಲೋ ಸ್ಲ್ಯಾಬಿನಲ್ಲೇ ಇದೆ. ಒಂದು ರೂಪಾಯಿಯೂ ಉಳಿಯಲಿಲ್ಲ. ಅರಗಿನ ಬಣ್ಣದ ಮೇಲೆ ಗೀರು ಬೀಳುವ, ಚಕ್ರ ಮುರಿಯುವ ಭಯ ಮಾತ್ರ ಹೆಚ್ಚಿತು.

ತಿರುಗಿಸಿ ನೋಡಿದರೆ ಇದರಲ್ಲೊಂದು ಅನುಕೂಲವೂ ಇದೆ. ಒಂದೂವರೆ ಕಿಲೋ ಸ್ಲ್ಯಾಬಿನ ಮಿತಿ 7500 ಘನ ಸೆಂಟಿಮೀಟರ್. ಮೊದಲ ಪೆಟ್ಟಿಗೆ 6825 ಮಾತ್ರ ಬಳಸಿತ್ತು. ಅಗಲವನ್ನು 13ರಿಂದ 14ಕ್ಕೆ ಏರಿಸಿದರೂ 7350. ಚಕ್ರಗಳಿರುವ ಬದಿಗೆ ಒಂದು ಸೆಂಟಿಮೀಟರ್ ಹೆಚ್ಚು ಮೆತ್ತೆ ಪುಕ್ಕಟೆಯಾಗಿ ಸಿಕ್ಕಂತಾಯಿತು. ಪ್ಯಾಕಿಂಗ್ ಮಾಡುವವರು ಮೊದಲು ನೋಡಬೇಕಾದದ್ದು ತಮ್ಮ ಪೆಟ್ಟಿಗೆ ಯಾವ ಸ್ಲ್ಯಾಬಿನ ಎಷ್ಟನೇ ಮೆಟ್ಟಿಲಲ್ಲಿ ನಿಂತಿದೆ ಎಂಬುದನ್ನು. ಮಿತಿಗೆ ಅಂಟಿಕೊಂಡಿದ್ದರೆ ಮಾತ್ರ ಒಂದೊಂದು ಸೆಂಟಿಮೀಟರಿಗೂ ಬೆಲೆ ಇರುತ್ತದೆ.

ಹಾಗೆಂದು 7350ರ ಪೆಟ್ಟಿಗೆಯಲ್ಲಿ ಅಪಾಯವಿಲ್ಲದೆ ಇಲ್ಲ. ಕೊರಿಯರ್ ಹಬ್‌ಗಳಲ್ಲಿ ಪೆಟ್ಟಿಗೆಗಳನ್ನು ಕ್ಯಾಮೆರಾ ಅಥವಾ ಲೇಸರ್ ಇರುವ ಯಂತ್ರ ಅಳೆಯುತ್ತದೆ. ಅದು ನೋಡುವುದು ಪೆಟ್ಟಿಗೆ ಅತಿ ಹೆಚ್ಚು ಚಾಚಿಕೊಂಡ ಜಾಗವನ್ನು. ಒಳಗೆ ಹೆಚ್ಚು ಕಾಗದ ತುರುಕಿ ಮುಚ್ಚಳ ಉಬ್ಬಿದ್ದರೆ, 15 ಇದ್ದ ಎತ್ತರ 16 ಆಗುತ್ತದೆ. 35, 14, 16 ಗುಣಿಸಿದರೆ 7840. ಗಾತ್ರದ ತೂಕ ಒಂದೂವರೆ ಕಿಲೋ ದಾಟಿತು, ಬಿಲ್ಲು 2 ಕಿಲೋಗೆ ಹಾರಿತು, 195 ರೂಪಾಯಿ. ಗ್ರಾಹಕರಿಂದ ಈಗಾಗಲೇ 150ರ ಲೆಕ್ಕದಲ್ಲಿ ಹಣ ಪಡೆದಿದ್ದರೆ ವ್ಯತ್ಯಾಸ ಮಾರುವವರ ಮೇಲೆ ಬೀಳುತ್ತದೆ. ಸಣ್ಣ ವ್ಯಾಪಾರಿಗಳ ಖಾತೆಯಿಂದ ವಾರಗಳ ನಂತರ ‘ತೂಕದ ವ್ಯತ್ಯಾಸ’ ಎಂಬ ಹೆಸರಿನಲ್ಲಿ ಹಣ ಕಡಿತವಾಗುವುದರ ಹಿಂದೆ ಇಂಥ ಉಬ್ಬಿದ ಮುಚ್ಚಳಗಳು ಬಹಳಷ್ಟಿರುತ್ತವೆ. ಇಂಥ ಕಡಿತವನ್ನು ಪ್ರಶ್ನಿಸಲು ಅವಕಾಶವಿದೆ, ಆದರೆ ಗಡುವು ಚಿಕ್ಕದು. ಟೇಪು ಹಚ್ಚಿ ಮುಗಿದ ಪೆಟ್ಟಿಗೆಯನ್ನು ತಕ್ಕಡಿಯ ಮೇಲಿಟ್ಟು ಒಂದು ಫೋಟೊ, ಮೂರು ಬದಿಗೂ ಅಳತೆ ಟೇಪು ಹಿಡಿದು ಮೂರು ಫೋಟೊ, ವಿಳಾಸದ ಚೀಟಿ ಕಾಣುವಂತೆ ತೆಗೆದಿಟ್ಟವರ ದೂರಿಗೆ ಮಾತ್ರ ಬಲವಿರುತ್ತದೆ.

ಪುಟದಲ್ಲಿ ಬರೆಯಬೇಕಾದ ಎರಡು ಅಳತೆ

ಈ ಲೆಕ್ಕ ಮಾರುವವರಿಗೆ ಗೊತ್ತಿದ್ದರೆ ಸಾಲದು. ಗ್ರಾಹಕ ನೋಡುವ ಪುಟದಲ್ಲಿ ಸಾಮಾನ್ಯವಾಗಿ ಒಂದೇ ತೂಕ ಇರುತ್ತದೆ, ಅದು ವಸ್ತುವಿನ ತೂಕ. ಅದಕ್ಕೊಂದು ಕಾರಣವೂ ಇದೆ. 2011ರ ಕಾನೂನು ಮಾಪನ ನಿಯಮಗಳು ಪೊಟ್ಟಣದ ಸರಕಿನ ಮೇಲೆ ಬರೆಯಲು ಹೇಳುವುದು ನಿವ್ವಳ ಪ್ರಮಾಣವನ್ನು, ಎಂದರೆ ಹೊದಿಕೆ ಬಿಟ್ಟು ಒಳಗಿನ ವಸ್ತು ಎಷ್ಟಿದೆ ಎಂಬುದನ್ನು. ಗಾತ್ರ ಮುಖ್ಯವಾದ ವಸ್ತುಗಳಲ್ಲಿ ವಸ್ತುವಿನ ಅಳತೆಯನ್ನೂ ಹೇಳಬೇಕು. 2018ರ ಜನವರಿಯಿಂದ ಇಂಥ ವಿವರಗಳನ್ನು ಆನ್‌ಲೈನ್ ಮಾರಾಟದ ಪುಟದಲ್ಲೂ ತೋರಿಸುವುದು ಕಡ್ಡಾಯವಾಗಿದೆ. ನಿಯಮದ ಉದ್ದೇಶ ಕೊಳ್ಳುವವರಿಗೆ ಕಡಿಮೆ ಸರಕು ಹೋಗದಿರಲಿ ಎಂಬುದು. ಡೆಲಿವರಿ ಲೆಕ್ಕಕ್ಕೆ ಬೇಕಾದ ಪ್ಯಾಕ್ ಆದ ಪೆಟ್ಟಿಗೆಯ ತೂಕ ಮತ್ತು ಅಳತೆ ಅದರಲ್ಲಿ ಬರುವುದಿಲ್ಲ. ಅದನ್ನು ಮಾರುವವರು ತಾವಾಗಿಯೇ ಬರೆಯಬೇಕು.

ಚನ್ನಪಟ್ಟಣದ ರೈಲಿಗೆ ಅಂಥ ವಿವರ ಹೀಗಿರಬಹುದು: “ಆಟಿಕೆಯ ಅಳತೆ 30 × 8 × 10 ಸೆಂ.ಮೀ., ತೂಕ 620 ಗ್ರಾಂ. ಪ್ಯಾಕ್ ಆದ ಪೆಟ್ಟಿಗೆ 35 × 13 × 15 ಸೆಂ.ಮೀ., ತೂಕ ಸುಮಾರು 900 ಗ್ರಾಂ. ಪೆಟ್ಟಿಗೆ ಹಿಡಿಯುವ ಜಾಗದ ಮೇಲೆ ಕೊರಿಯರ್‌ನವರು 1.5 ಕಿಲೋ ದರ ಹಾಕುತ್ತಾರೆ, ಡೆಲಿವರಿ ಶುಲ್ಕ ಅದರಂತೆ. ಸಾಗಣೆಯಲ್ಲಿ ಚಕ್ರ ಮುರಿಯದಿರಲು ಸುತ್ತಲೂ 2 ಸೆಂ.ಮೀ. ಮೆತ್ತೆ ಇಟ್ಟಿದ್ದೇವೆ.” ನಾಲ್ಕು ಸಾಲು ಸಾಕು. ಕೊನೆಯ ಸಾಲನ್ನು ಬಿಡಬಾರದು. ಪೆಟ್ಟಿಗೆ ಏಕೆ ದೊಡ್ಡದಿದೆ ಎಂಬ ಕಾರಣ ಮೊದಲೇ ಗೊತ್ತಿದ್ದರೆ, ಪಾರ್ಸೆಲ್ ಬಿಚ್ಚಿದಾಗ ‘ಇಷ್ಟಕ್ಕೆ ಇಷ್ಟು ದೊಡ್ಡ ಪೆಟ್ಟಿಗೆಯೇ’ ಎಂಬ ಪ್ರಶ್ನೆ ಏಳುವುದಿಲ್ಲ.

ಅಳತೆಯ ಮಾನ ತಪ್ಪಿದರೆ ಮಾತ್ರ ಬಲವಾದ ಪೆಟ್ಟು ಬೀಳುತ್ತದೆ. ಪೆಟ್ಟಿಗೆ ಮಾರುವವರು ಇಂಚಿನಲ್ಲಿ ಮಾತಾಡುತ್ತಾರೆ, ಕೊರಿಯರ್ ಲೆಕ್ಕ ಸೆಂಟಿಮೀಟರಿನಲ್ಲಿ ನಡೆಯುತ್ತದೆ. ದೀಪದ ಬುಟ್ಟಿಗೆ ಕೊಂಡ ಪೆಟ್ಟಿಗೆ ಅಂಗಡಿಯ ಮಾತಿನಲ್ಲಿ 16, 16, 14 ಇಂಚು. ಈ ಅಂಕಿಗಳನ್ನೇ ಸೆಂಟಿಮೀಟರಿನ ಕಾಲಂನಲ್ಲಿ ತುಂಬಿದರೆ ಕಂಪ್ಯೂಟರ್ 0.72 ಕಿಲೋ ಎಂದು ಲೆಕ್ಕ ಹಾಕಿ, ಗ್ರಾಹಕರಿಂದ ಒಂದು ಕಿಲೋ ಶುಲ್ಕ ಪಡೆಯುತ್ತದೆ. ಹಬ್‌ನಲ್ಲಿ ಯಂತ್ರ ಅಳೆದಾಗ ಹನ್ನೊಂದು ಕಿಲೋ ಮೀರಿದ ನಿಜ ಸಂಗತಿ ಹೊರಬೀಳುತ್ತದೆ. ಒಂದು ಇಂಚು ಎಂದರೆ 2.54 ಸೆಂಟಿಮೀಟರ್. ಮೂರು ಅಳತೆಗಳಲ್ಲೂ ಅದೇ ತಪ್ಪು ಗುಣಾಕಾರವಾಗಿ ಗಾತ್ರದ ತೂಕ ಹದಿನಾರು ಪಟ್ಟಿಗೂ ಹೆಚ್ಚು ವ್ಯತ್ಯಾಸವಾಗುತ್ತದೆ. ತಪ್ಪು ಈ ಕಡೆಗಾದರೆ ಮಾರುವವರಿಗೆ ನಷ್ಟ. ಆ ಕಡೆಗಾಗಿ ಸೆಂಟಿಮೀಟರಿನ ಅಂಕಿ ಇಂಚಾಗಿ ದಾಖಲಾದರೆ ಡೆಲಿವರಿ ಶುಲ್ಕ ಆಕಾಶಕ್ಕೇರಿ, ಗ್ರಾಹಕರು ಕಾರಣವನ್ನೂ ಹೇಳದೆ ಹೊರಟುಹೋಗುತ್ತಾರೆ. ಪ್ರತಿ ಅಂಕಿಯ ಪಕ್ಕ ಮಾನವನ್ನು ಬರೆಯುವುದು, ಹೊಸ ವಸ್ತುವನ್ನು ಪುಟಕ್ಕೆ ಏರಿಸಿದ ಮೇಲೆ ದೂರದೂರಿನ ಪಿನ್‌ಕೋಡ್ ಹಾಕಿ ಶುಲ್ಕ ಎಷ್ಟು ಬರುತ್ತದೆಂದು ತಾವೇ ಒಮ್ಮೆ ನೋಡುವುದು, ಈ ಎರಡರಿಂದ ಇಂಥ ತಪ್ಪು ಅದೇ ದಿನ ಕೈಗೆ ಸಿಗುತ್ತದೆ.

ಶುಲ್ಕವನ್ನು ಯಾವಾಗ ತಿಳಿಸಬೇಕು ಎಂಬುದಕ್ಕೂ ಕಾನೂನಿದೆ. 2020ರ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ ಒಟ್ಟು ಬೆಲೆಯನ್ನು ಒಂದೇ ಮೊತ್ತದಲ್ಲಿ ತೋರಿಸಬೇಕು. ಅದರಲ್ಲಿ ಡೆಲಿವರಿ, ಅಂಚೆ, ನಿರ್ವಹಣೆ ಶುಲ್ಕ, ತೆರಿಗೆ ಎಷ್ಟೆಷ್ಟು ಎಂದು ಬಿಡಿಸಿಯೂ ತೋರಿಸಬೇಕು. ಮೊದಲು ಕಡಿಮೆ ಬೆಲೆ ತೋರಿಸಿ, ಹಣ ಕಟ್ಟುವ ಹಂತದಲ್ಲಿ ಒಂದೊಂದೇ ಶುಲ್ಕ ಸೇರಿಸುವ ಪರಿಪಾಠವನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ಮಾರ್ಗಸೂಚಿಯಲ್ಲಿ ದಾರಿ ತಪ್ಪಿಸುವ ಹದಿಮೂರು ವಿಧಾನಗಳ ಪಟ್ಟಿಗೆ ಸೇರಿಸಿದೆ. ಪ್ಯಾಕ್ ಆದ ಪೆಟ್ಟಿಗೆಯ ಅಳತೆ ಪುಟದಲ್ಲಿ ಸರಿಯಾಗಿದ್ದರೆ, ಪಿನ್‌ಕೋಡ್ ಹಾಕಿದ ಕೂಡಲೇ ಸರಿಯಾದ ಶುಲ್ಕ ಅಲ್ಲೇ ಕಾಣಿಸುತ್ತದೆ.

ಎರಡು ಕೊಂಡರೆ ಎಷ್ಟು?

ಗ್ರಾಹಕರಿಗೆ ಪ್ಯಾಕಿಂಗ್ ಲೆಕ್ಕ ನೇರವಾಗಿ ಉಪಯೋಗಕ್ಕೆ ಬರುವುದು ಒಂದಕ್ಕಿಂತ ಹೆಚ್ಚು ವಸ್ತು ಕೊಳ್ಳುವಾಗ. ರೈಲು ಎರಡು ಬೇಕು ಎನ್ನೋಣ. ಬೇರೆ ಬೇರೆ ಪೆಟ್ಟಿಗೆಯಲ್ಲಿ ಬಂದರೆ 150ರಂತೆ 300 ರೂಪಾಯಿ. ಕೆಲವು ಅಂಗಡಿಗಳ ತಂತ್ರಾಂಶ ಎರಡರ ಗಾತ್ರದ ತೂಕವನ್ನು ಸುಮ್ಮನೆ ಕೂಡುತ್ತದೆ. ಆಗ 2.73 ಕಿಲೋ, ಎಂದರೆ 3 ಕಿಲೋಗೆ 285. ಎರಡನ್ನೂ ನಿಜವಾಗಿ ಒಂದೇ ಪೆಟ್ಟಿಗೆಯಲ್ಲಿ ಅಕ್ಕಪಕ್ಕ ಇಟ್ಟು, ನಡುವೆ ಎರಡು ಸೆಂಟಿಮೀಟರ್ ಮೆತ್ತೆ ಕೊಟ್ಟರೆ ಹೊರ ಅಳತೆ 35, 23, 15 ಆಗುತ್ತದೆ. ಗಾತ್ರದ ತೂಕ 2.42 ಕಿಲೋ, ಬಿಲ್ಲು ಎರಡೂವರೆ ಕಿಲೋಗೆ, 240 ರೂಪಾಯಿ. ಎರಡರ ನಡುವಿನ ಗೋಡೆ, ಜೊತೆಗೆ ಒಂದು ಪದರ ಮೆತ್ತೆ ಇಲ್ಲವಾದದ್ದಕ್ಕೆ ಸಿಕ್ಕ ಉಳಿತಾಯ ಅದು. ‘ಎರಡು ಒಟ್ಟಿಗೆ ತರಿಸಿದರೆ ಒಂದೇ ಪೆಟ್ಟಿಗೆ, ಡೆಲಿವರಿ ಇಷ್ಟು’ ಎಂದು ಪುಟದಲ್ಲಿ ಬರೆದಿದ್ದರೆ ಪಕ್ಕದ ಮನೆಯ ಮಗುವಿಗೂ ಒಂದು ಸೇರಿಸಿ ತರಿಸುವವರು ಇದ್ದೇ ಇರುತ್ತಾರೆ.

ಬುಟ್ಟಿಗಳಲ್ಲಿ ಈ ಲಾಭ ಇನ್ನೂ ದೊಡ್ಡದು. ಒಂದರೊಳಗೊಂದು ಕೂರುವ ಮೂರು ಬಿದಿರಿನ ಬುಟ್ಟಿಗಳಿಗೆ ಬೇಕಾಗುವುದು ಎಲ್ಲಕ್ಕಿಂತ ದೊಡ್ಡದರ ಪೆಟ್ಟಿಗೆ ಮಾತ್ರ. ಮೂರೂ ಸೇರಿ ಎರಡು ಕಿಲೋ ತೂಗಿದರೂ ಬಿಲ್ಲು ಆ ಪೆಟ್ಟಿಗೆಯ 11.2 ಕಿಲೋ ಗಾತ್ರದ ತೂಕಕ್ಕೇ ಆಗುತ್ತದೆ. ಎಂದರೆ ಒಂದು ಬುಟ್ಟಿಗೂ ಮೂರಕ್ಕೂ ಡೆಲಿವರಿ ಒಂದೇ. ಹೀಗಿರುವಾಗ ದೊಡ್ಡ ಬುಟ್ಟಿಯನ್ನು ಬಿಡಿಯಾಗಿ ದೂರದೂರಿಗೆ ಮಾರುವುದಕ್ಕಿಂತ ಮೂರರ ಜೋಡಿಯಾಗಿ ಮಾರುವುದೇ ಇಬ್ಬರಿಗೂ ಒಳ್ಳೆಯದು. ದೀಪದ ಬುಟ್ಟಿಯನ್ನೇ ಮಡಚಲು ಬರುವಂತೆ ಹೆಣೆದರೆ ಲೆಕ್ಕ ಬೇರೆಯಾಗುತ್ತದೆ. ಅದು 42, 42, 8 ಸೆಂಟಿಮೀಟರಿನ ಚಪ್ಪಟೆ ಪೆಟ್ಟಿಗೆಯಲ್ಲಿ ಹೋಗುವಂತಾದರೆ ಗಾತ್ರದ ತೂಕ 2.8 ಕಿಲೋಗೆ ಇಳಿಯುತ್ತದೆ. 11.2 ಕಿಲೋಗೆ ನಮ್ಮ ಲೆಕ್ಕದ ದರದಲ್ಲಿ 1,050 ರೂಪಾಯಿ ಬೀಳುತ್ತಿದ್ದಲ್ಲಿ 285 ಸಾಕಾಗುತ್ತದೆ. ಆದರೆ ಮನೆಗೆ ಬಂದ ಮೇಲೆ ಅದನ್ನು ಬಿಡಿಸಿ ಜೋಡಿಸುವ ಕೆಲಸ ಗ್ರಾಹಕರದಾಗುತ್ತದೆ. ಆ ಮಾತನ್ನೂ ಚಿತ್ರದ ಸಮೇತ ಪುಟದಲ್ಲಿ ಹೇಳಿರಬೇಕು.

ಎಲ್ಲವನ್ನೂ ಕುಗ್ಗಿಸಲಾಗುವುದಿಲ್ಲ. ಗಡಸು ಮಣ್ಣಿನ ಹೂಜಿಗೆ ಎರಡು ಸೆಂಟಿಮೀಟರ್ ಮೆತ್ತೆ ಸಾಲದು, ಪೆಟ್ಟಿಗೆಯೊಳಗೆ ಇನ್ನೊಂದು ಪೆಟ್ಟಿಗೆ ಬೇಕಾಗಬಹುದು. ಅಲ್ಲಿ ಗಾತ್ರ ಉಳಿಸಲು ಹೋದರೆ ಒಡೆದ ಹೂಜಿಯೊಂದು ಹತ್ತು ಪಾರ್ಸೆಲ್‌ಗಳ ಉಳಿತಾಯವನ್ನು ನುಂಗುತ್ತದೆ. ಪ್ಯಾಕಿಂಗ್ ಸಾಕಾಗಿದೆಯೇ ಎಂದು ನೋಡಲು ಒಂದು ಸರಳ ಪರೀಕ್ಷೆ ಇದೆ. ಟೇಪು ಹಚ್ಚಿದ ಪೆಟ್ಟಿಗೆಯನ್ನು ಕಿವಿಯ ಬಳಿ ಹಿಡಿದು ಮೆಲ್ಲಗೆ ಅಲುಗಿಸಬೇಕು. ಒಳಗೆ ವಸ್ತು ಓಡಾಡಿದ ಸದ್ದು ಬಂದರೆ ಮೆತ್ತೆ ಸಾಲದು. ಮುಚ್ಚಳ ಉಬ್ಬಿದ್ದರೆ ಹೆಚ್ಚಾಗಿದೆ.

‘ಡೆಲಿವರಿ ಉಚಿತ’ ಎಂದು ಬರೆದ ಪುಟದಲ್ಲೂ ಈ ಲೆಕ್ಕ ಕಣ್ಮರೆಯಾಗಿರುವುದಿಲ್ಲ, ವಸ್ತುವಿನ ಬೆಲೆಯೊಳಗೆ ಸೇರಿಕೊಂಡಿರುತ್ತದೆ. ಅದೇ ಊರಿನಲ್ಲಿರುವವರು ಅಂಗಡಿಗೇ ಹೋಗಿ ಕೊಂಡರೆ ಬುಟ್ಟಿ ಏಕೆ ಅಷ್ಟು ಅಗ್ಗ ಎಂಬುದಕ್ಕೆ ಉತ್ತರ ಇಲ್ಲಿದೆ. ವಿದೇಶದಲ್ಲಿರುವ ಮಕ್ಕಳಿಗೆ ಹಪ್ಪಳ, ಸಂಡಿಗೆ, ಚಕ್ಕುಲಿ ಕಳಿಸುವ ಮನೆಗಳಿಗೆ ಇದು ಇನ್ನಷ್ಟು ತಟ್ಟುತ್ತದೆ. ವಿಮಾನದ ಕೊರಿಯರ್‌ನಲ್ಲಿ ಕಿಲೋ ದರವೇ ನೂರುಗಳಲ್ಲಿರುತ್ತದೆ. ಎರಡು ಕಿಲೋ ಸಂಡಿಗೆ ಅಗಲವಾದ ದೊಡ್ಡ ಡಬ್ಬದಲ್ಲಿ ಹೋದರೆ ಐದು ಕಿಲೋ ಸಂಡಿಗೆಯ ಬಾಡಿಗೆ ಕೊಡಬೇಕಾದೀತು. ಡಬ್ಬದ ಖಾಲಿ ಮೂಲೆಗಳಿಗೆ ಚಟ್ನಿಪುಡಿ, ಸಾರಿನಪುಡಿಯಂಥ ತೂಕದ ಪೊಟ್ಟಣಗಳನ್ನು ಸೇರಿಸಿದರೆ, ನಿಜ ತೂಕ ಗಾತ್ರದ ತೂಕವನ್ನು ಮುಟ್ಟುವವರೆಗೂ ಬಿಲ್ಲು ಏರುವುದಿಲ್ಲ.

ಕೊಂಡ ವಸ್ತುವನ್ನು ಹಿಂದಿರುಗಿಸುವಾಗಲೂ ಇದೇ ಸೂತ್ರ ಕೆಲಸ ಮಾಡುತ್ತದೆ. ಮರಳಿ ಹೋಗುವ ಪಾರ್ಸೆಲ್ಲನ್ನೂ ಹಬ್‌ನಲ್ಲಿ ಅಳೆಯುತ್ತಾರೆ. ಮನೆಯಲ್ಲಿ ಸಿಕ್ಕಿದ ದೊಡ್ಡ ಪೆಟ್ಟಿಗೆಯಲ್ಲಿ ರೈಲಿಟ್ಟು ಕಳಿಸಿದರೆ ಒಂದೂವರೆ ಕಿಲೋ ಹೋಗಿ ಐದು ಕಿಲೋ ಆಗುತ್ತದೆ. ವಾಪಸಾತಿಯ ಕೊರಿಯರ್ ಖರ್ಚು ಗ್ರಾಹಕರದು ಎಂದಿದ್ದರೆ ಅದು ಅವರ ಜೇಬಿನಿಂದಲೇ ಹೋಗುತ್ತದೆ. ಹಾಗಾಗಿ ವಸ್ತುವನ್ನು ಇಟ್ಟುಕೊಳ್ಳುವುದು ಖಚಿತವಾಗುವವರೆಗೆ ಅದು ಬಂದ ಪೆಟ್ಟಿಗೆಯನ್ನೂ ಒಳಗಿನ ಮೆತ್ತೆಯನ್ನೂ ಎಸೆಯದೆ ತೆಗೆದಿಡಬೇಕು. ವಾಪಸಾತಿಯ ನಿಯಮ ಬರೆಯುವ ಮಾರಾಟಗಾರರು ಈ ಮಾತನ್ನು ಪೆಟ್ಟಿಗೆಯ ಅಳತೆಯ ಪಕ್ಕದಲ್ಲೇ ಸೇರಿಸಿದರೆ, ಕೊಳ್ಳುವವರಿಗೆ ಅದು ಪೆಟ್ಟಿಗೆ ಬಿಚ್ಚುವ ಮೊದಲೇ ಗೊತ್ತಿರುತ್ತದೆ.